ರಾತ್ರಿ ಒಂದು ಗಂಟೆಗೆ ನಿಂತುಹೋಗುತ್ತಿದ್ದ ಡೌನ್‌ಲೋಡ್

ನಮ್ಮ ಮನೆ ತುಮಕೂರಿನ ಕ್ಯಾತಸಂದ್ರದಲ್ಲಿ. ಕೆಲಸಕ್ಕೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತೇನೆ. ಬೆಳಿಗ್ಗೆ ಐದೂವರೆಗೆ ಎದ್ದರೆ ಮನೆ ಸೇರುವುದು ರಾತ್ರಿ ಎಂಟೂವರೆಗೆ. ಹಾಗಾಗಿ ಪಿಎಸ್5ನಲ್ಲಿ ದೊಡ್ಡ ಗೇಮ್ ಇಳಿಸಿಕೊಳ್ಳಬೇಕು ಅಂದರೆ ನನಗೆ ರಾತ್ರಿಯೇ ಗತಿ. ಮಲಗುವ ಮುಂಚೆ ಡೌನ್‌ಲೋಡ್ ಹಾಕಿ, ಕನ್ಸೋಲನ್ನು ರೆಸ್ಟ್ ಮೋಡ್‌ಗೆ ಬಿಟ್ಟು ಮಲಗುತ್ತೇನೆ.

ಈ ಸಲ ಹಾಕಿದ್ದು 110 ಜಿಬಿ ಗೇಮ್. ನಮ್ಮ ಫೈಬರ್ ಲೈನ್ 40 ಎಂಬಿಪಿಎಸ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ, ಅಂದರೆ ಗಂಟೆಗೆ 18 ಜಿಬಿ. ಎರಡನೇ ರಾತ್ರಿ ಮುಗಿಯುವ ಮುಂಚೆಯೇ ಇಳಿದುಬಿಡಬೇಕಿತ್ತು. ಆದರೆ ಮೊದಲ ಬೆಳಿಗ್ಗೆ ನೋಡಿದರೆ ಬರೀ 4 ಜಿಬಿ ಇಳಿದಿತ್ತು.

ಎದ್ದ ತಕ್ಷಣ ಕಂಟ್ರೋಲರ್ ಒತ್ತಬೇಡಿ. ಮೊದಲು ಕನ್ಸೋಲಿನ ಲೈಟ್ ನೋಡಿ. ರೆಸ್ಟ್ ಮೋಡ್‌ನಲ್ಲಿದ್ದರೆ ಕಿತ್ತಳೆ ಬಣ್ಣದ ಲೈಟ್ ಇರುತ್ತದೆ. ನನ್ನದರಲ್ಲಿ ಯಾವ ಲೈಟೂ ಇರಲಿಲ್ಲ, ಪೂರ್ತಿ ಆಫ್ ಆಗಿತ್ತು. ಆನ್ ಮಾಡಿದಾಗ, ಕಳೆದ ಸಲ ಸರಿಯಾಗಿ ಆಫ್ ಮಾಡಿಲ್ಲ ಅನ್ನುವ ಸಂದೇಶ ಬಂತು. ಅಂದರೆ ಇದು ನೆಟ್ ಸಮಸ್ಯೆ ಅಲ್ಲವೇ ಅಲ್ಲ, ಕರೆಂಟ್ ಸಮಸ್ಯೆ.

ಅಮ್ಮನನ್ನು ಕೇಳಿದೆ, "ರಾತ್ರಿ ಕರೆಂಟ್ ಹೋಗಿತ್ತಾಮ್ಮ?"

"ಇಲ್ವಲ್ಲೋ, ಫ್ಯಾನ್ ತಿರುಗ್ತಾನೇ ಇತ್ತು."

ಫ್ಯಾನ್ ಯಾಕೆ ತಿರುಗುತ್ತಿತ್ತು ಅಂದರೆ ಅದು ಯುಪಿಎಸ್ ಲೈನಿನಲ್ಲಿತ್ತು. ರೂಟರ್, ಫೈಬರ್ ಡಬ್ಬಿ ಕೂಡ ಅದೇ ಲೈನಿನಲ್ಲಿ. ಟಿವಿ ಹಿಂದಿನ ಸಾಕೆಟ್ ಮಾತ್ರ ನೇರ ಮೇನ್ ಲೈನಿಗೆ ಸೇರಿತ್ತು. ಕರೆಂಟ್ ಎರಡು ಸೆಕೆಂಡ್ ಹೋಗಿ ಬಂದರೂ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಕನ್ಸೋಲ್ ಮಾತ್ರ ಆರಿಹೋಗಿರುತ್ತದೆ. ಕರೆಂಟ್ ವಾಪಸ್ ಬಂದ ಮೇಲೆ ಅದು ತಾನಾಗಿ ಆನ್ ಆಗಿ ಡೌನ್‌ಲೋಡ್ ಮುಂದುವರಿಸುವುದಿಲ್ಲ. ಬೆಳಗಿನ ತನಕ ಹಾಗೇ ಬಿದ್ದಿರುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ಟನ್ನು ಯುಪಿಎಸ್ ಲೈನಿಗೆ ಹಾಕಿಸಿದೆ. ರೆಸ್ಟ್ ಮೋಡ್‌ನಲ್ಲಿ ಡೌನ್‌ಲೋಡ್ ಮಾಡುವಾಗ ಕನ್ಸೋಲ್ ಒಂದು ಹಳೆ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಕರೆಂಟ್ ಎಳೆಯುತ್ತದೆ, ಬ್ಯಾಟರಿಗೆ ಅದೇನೂ ಭಾರವಲ್ಲ. ಟಿವಿಯನ್ನು ಬೇರೆ ಸಾಕೆಟ್ಟಿನಲ್ಲೇ ಬಿಟ್ಟೆ, ರಾತ್ರಿ ಅದರ ಕೆಲಸವೇ ಇಲ್ಲ.

ಇಲ್ಲಿ ಇನ್ನೊಂದು ವಿಷಯ ಇದೆ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಮನೆಯ ಇನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ UPS ಮತ್ತು ECO ಅಂತ ಒಂದು ಸ್ವಿಚ್ ಇರುತ್ತದೆ. ಎಕೋದಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಸ್ವಲ್ಪ ಹೆಚ್ಚು ಸಮಯ ಬೇಕು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಆದರೆ ಕಂಪ್ಯೂಟರ್, ಕನ್ಸೋಲ್ ಅಷ್ಟರಲ್ಲಿ ಆಫ್ ಆಗಿಬಿಡಬಹುದು. ಯುಪಿಎಸ್ ಮೋಡ್‌ನಲ್ಲಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ. ನಾನು ಕನ್ಸೋಲಿನ ಮೇಲೆ ಪರೀಕ್ಷೆ ಮಾಡಲಿಲ್ಲ, ಡೇಟಾ ಹಾಳಾದರೆ ಕಷ್ಟ ಅಲ್ವಾ. ಅದೇ ಸಾಕೆಟ್ಟಿಗೆ ಹಳೆ ಡೆಸ್ಕ್‌ಟಾಪ್ ಹಾಕಿ ಮೇನ್ ಇಳಿಸಿ ನೋಡಿದೆ. ಎಕೋದಲ್ಲಿ ರೀಸ್ಟಾರ್ಟ್ ಆಯಿತು, ಯುಪಿಎಸ್‌ನಲ್ಲಿ ಅಲುಗಾಡಲಿಲ್ಲ. ಆಮೇಲೆ ಕನ್ಸೋಲ್ ಹಾಕಿದೆ. ಇದಕ್ಕೆ ಒಂದು ಬೆಲೆಯೂ ಇದೆ. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೆ ಸಾಕು, ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ನಿಮ್ಮ ಬೀದಿಯಲ್ಲಿ ಲೋ ವೋಲ್ಟೇಜ್ ಜಾಸ್ತಿ ಇದ್ದರೆ ಬ್ಯಾಟರಿ ಬೇಗ ಇಳಿಯುತ್ತದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮರುದಿನ ರಾತ್ರಿ 11ಕ್ಕೆ ಮತ್ತೆ ಹಾಕಿದೆ. ಬೆಳಿಗ್ಗೆ ಐದೂವರೆಗೆ ನೋಡಿದರೆ ಕಿತ್ತಳೆ ಲೈಟ್ ಸರಿಯಾಗಿ ಉರಿಯುತ್ತಿದೆ, ಆದರೆ ಡೌನ್‌ಲೋಡ್ 40 ಜಿಬಿಯಲ್ಲಿ ನಿಂತಿದೆ.

ಈ ಸಲ ಮೊದಲು ಸೆಟ್ಟಿಂಗ್ ನೋಡಿದೆ. ದಾರಿ ಇದು:

```
Settings > System > Power Saving
  > Features Available in Rest Mode
    > Stay Connected to the Internet
```

ಕೊನೆಯದು ಆನ್ ಇರಲೇಬೇಕು. ಅದು ಆಫ್ ಇದ್ದರೆ ಮಲಗುವಾಗ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ ಇರುತ್ತದೆ, ಹಾಗೆ ಗುರುತಿಸಬಹುದು. ನನ್ನದು ಆನ್ ಇತ್ತು. ಮೊದಲಿನ 4 ಬಿಟ್ಟರೆ ಆ ರಾತ್ರಿ 36 ಜಿಬಿ ಇಳಿದೂ ಇತ್ತು. ಹಾಗಾದರೆ ಮಧ್ಯೆ ಯಾವಾಗಲೋ ನಿಂತಿದೆ. ಯಾವಾಗ?

ಇಲ್ಲಿ ಲೆಕ್ಕ ನನ್ನ ಕೈ ಹಿಡಿಯಿತು. 36 ಜಿಬಿಯನ್ನು 18ರಿಂದ ಭಾಗಿಸಿದರೆ ಎರಡು ಗಂಟೆ. 11ಕ್ಕೆ ಶುರುವಾಗಿದ್ದು 1 ಗಂಟೆಗೆ ನಿಂತಿದೆ. ಮುಂದಿನ ರಾತ್ರಿ ಬೇಕೆಂದೇ ಅರ್ಧ ಗಂಟೆ ತಡವಾಗಿ, 11.30ಕ್ಕೆ ಹಾಕಿದೆ. ಬೆಳಿಗ್ಗೆ 67 ಜಿಬಿ ಆಗಿತ್ತು. ಇಳಿದಿದ್ದು 27 ಜಿಬಿ, ಅಂದರೆ ಒಂದೂವರೆ ಗಂಟೆ. ಮತ್ತೆ ಸರಿಯಾಗಿ 1 ಗಂಟೆ!

ಸಿಗ್ನಲ್ ವೀಕ್ ಇದ್ದರೆ ಒಂದು ದಿನ ಹನ್ನೆರಡಕ್ಕೆ ನಿಲ್ಲಬಹುದು, ಇನ್ನೊಂದು ದಿನ ಮೂರಕ್ಕೆ. ದಿನಾ ಒಂದೇ ಹೊತ್ತಿಗೆ ನಿಂತರೆ ಎಲ್ಲೋ ಯಾರೋ ಟೈಮರ್ ಇಟ್ಟಿದ್ದಾರೆ ಅಂತಲೇ ಅನುಮಾನ ಪಡಬೇಕು. ರೂಟರಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ. ನಮ್ಮದು 192.168.1.1. ಬ್ರೌಸರ್‌ನಲ್ಲಿ ಅದನ್ನು ಹಾಕಿ ಒಳಗೆ ಹೋದೆ. ವೈಫೈ ಶೆಡ್ಯೂಲ್ ಅನ್ನುವ ಜಾಗದಲ್ಲಿ ಸಿಕ್ಕಿತು: ರಾತ್ರಿ 1ರಿಂದ ಬೆಳಿಗ್ಗೆ 6ರವರೆಗೆ ವೈಫೈ ಆಫ್. ತಂಗಿಯ ಪಿಯುಸಿ ಪರೀಕ್ಷೆ ಸಮಯದಲ್ಲಿ ಅಪ್ಪ ಹೇಳಿದ್ದಕ್ಕೆ ನಾನೇ ಹಾಕಿದ್ದು. ಆ ಹೊತ್ತಿನಲ್ಲಿ ಬಹುತೇಕ ಎಲ್ಲರೂ ಮಲಗಿರುತ್ತಿದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅದನ್ನು ತೆಗೆದೆ. ಆ ರಾತ್ರಿಯೂ 11.30ಕ್ಕೇ ಹಾಕಿದೆ. ಉಳಿದ 43 ಜಿಬಿಗೆ ಹತ್ತಿರ ಹತ್ತಿರ ಎರಡೂವರೆ ಗಂಟೆ ಬೇಕು, ಅಂದರೆ ರಾತ್ರಿ 1 ಗಂಟೆ ದಾಟಲೇಬೇಕು. ಬೆಳಿಗ್ಗೆ ಗೇಮ್ ಪೂರ್ತಿ ಇಳಿದಿತ್ತು.

ಇದನ್ನು ಶಿರಾ ಗೇಟ್ ಹತ್ತಿರ ಇರುವ ಗೆಳೆಯನಿಗೆ ಹೇಳಿದೆ. ಅವನದೂ ರಾತ್ರಿ ನಿಲ್ಲುತ್ತಿತ್ತು, ಲೈಟ್ ಕಿತ್ತಳೆಯೇ ಇರುತ್ತಿತ್ತು. ಅವನ ಹತ್ತಿರವೂ ಮೂರು ರಾತ್ರಿ ಲೆಕ್ಕ ಬರೆಸಿದೆ. ಒಂದು ದಿನ ಹನ್ನೆರಡೂಕಾಲು, ಒಂದು ದಿನ ಮೂರು, ಒಂದು ದಿನ ಎರಡು. ಇದು ಟೈಮರ್ ಅಲ್ಲ. ಅವನ ರೂಟರ್ ಮುಂದಿನ ಕೋಣೆಯಲ್ಲಿ, ಕನ್ಸೋಲ್ ಎರಡು ಗೋಡೆ ಆಚೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಇತ್ತು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಮೊದಲು ಎರಡಕ್ಕೂ ಬೇರೆ ಹೆಸರು ಕೊಟ್ಟು ಕನ್ಸೋಲನ್ನು 2.4ಕ್ಕೆ ಮಾತ್ರ ಸೇರಿಸಿದ. ನಿಲ್ಲುವುದು ಕಡಿಮೆಯಾಯಿತು, ವೇಗವೂ ಅರ್ಧಕ್ಕಿಳಿಯಿತು. ಕೊನೆಗೆ 15 ಮೀಟರ್ ಲ್ಯಾನ್ ಕೇಬಲ್ ತಂದು ಬಾಗಿಲ ಚೌಕಟ್ಟಿನ ಮೇಲಿಂದ ಎಳೆದ. Settings > Network > Settings > Set Up Internet Connection ಒಳಗೆ ಹೋಗಿ ವೈರ್ಡ್ ಲ್ಯಾನ್ ಆರಿಸಿದ. ಅವತ್ತಿನಿಂದ ಅವನ ಡೌನ್‌ಲೋಡ್ ರಾತ್ರಿ ಮಧ್ಯೆ ನಿಂತಿಲ್ಲ.