‘ನಂಬರ್ ಕೊಡಿ ಮೇಡಂ’ ಎಂದವರಿಗೆ ಏನು ಬರೆಯಬೇಕು?

ನಮ್ಮ ಪಕ್ಕದ ಮನೆಯವರು ಸೀರೆಗೆ ಕುಚ್ಚು ಹಾಕುತ್ತಾರೆ. ಕೆಲಸದ ವಿಡಿಯೊಗಳನ್ನು ಫೇಸ್‌ಬುಕ್‌ಗೆ ಹಾಕುವುದೂ ಉಂಟು. ಒಂದು ದಿನ ಯಾರೋ ಕೆಳಗೆ ಬರೆದರು: ‘ಸೂಪರ್ ಮೇಡಂ, ನಿಮ್ಮ ನಂಬರ್ ಕೊಡಿ, ಮನೆ ಎಲ್ಲಿ?’ ಗಿರಾಕಿಯೋ, ಸುಮ್ನೆ ಮಾತಿಗೆಳೆಯುವವರೋ? ಇಷ್ಟರಿಂದಲೇ ಹೇಳಲು ಬರುವುದಿಲ್ಲ. ಇಬ್ಬರಿಗೂ ಹೊಂದುವ ಉತ್ತರ ಬೇಕು.

ಅವರು ಹೀಗೆ ಬರೆದರು: ‘ನಂಬರ್, ವಿಳಾಸ ಯಾರಿಗೂ ಇಲ್ಲಿ ಕೊಡುವುದಿಲ್ಲ. ಕುಚ್ಚಿನ ಬಗ್ಗೆ ಏನು ಬೇಕಿತ್ತು, ಇಲ್ಲೇ ಕೇಳಿ.’ ಗಿರಾಕಿಯಾದರೆ ರೇಟು ಕೇಳುತ್ತಾರೆ, ಸೀರೆಯ ಬಣ್ಣ ಹೇಳುತ್ತಾರೆ. ‘ಯಾಕೆ, ನಂಬಿಕೆ ಇಲ್ವಾ?’ ಎಂದರೆ ಅವರಿಗೆ ಬೇಕಿದ್ದದ್ದು ಕುಚ್ಚಲ್ಲ.

ಉತ್ತರದಲ್ಲಿ ನೆಪ ಹೇಳಬೇಡಿ. ‘ಮನೆಯವರಿಗೆ ಇಷ್ಟ ಇಲ್ಲ’, ‘ಈಗ ಬೇಡ, ಆಮೇಲೆ ನೋಡೋಣ’ ಎಂದರೆ ಮತ್ತೆ ಕೇಳಲು ದಾರಿ ಬಿಟ್ಟಂತೆ. ಅರ್ಧ ವಿಳಾಸವೂ ಬೇಡ. ‘ಬಸ್ ಸ್ಟ್ಯಾಂಡ್ ಹಿಂದೆ’ ಎಂದು ನೀವು ಬರೆದಿರುತ್ತೀರಿ, ಹಳೆಯ ಫೋಟೊದಲ್ಲಿ ಗೇಟು ಕಂಡಿರುತ್ತದೆ. ಎರಡನ್ನೂ ಕೂಡಿಸುವುದು ಎಷ್ಟು ಹೊತ್ತಿನ ಕೆಲಸ? ನಂಬರ್ ಇನ್ನೂ ಜಾಸ್ತಿ ಬಾಯಿಬಿಡುತ್ತದೆ. ಅದನ್ನು ಹಣ ಕಳಿಸುವ ಆ್ಯಪ್‌ನಲ್ಲಿ ಒತ್ತಿದರೆ ಬ್ಯಾಂಕ್ ಖಾತೆಯಲ್ಲಿರುವ ಹೆಸರು ಬರಬಹುದು.

ಕೆಲವೊಮ್ಮೆ ತೊಂದರೆ ಬರುವುದು ನಮ್ಮವರಿಂದಲೇ. ನಮ್ಮ ಪಕ್ಕದವರ ವಿಷಯದಲ್ಲಿ ನಾದಿನಿ, ಸಹಾಯ ಮಾಡೋಣ ಅಂತ, ತಾನೇ ನಂಬರ್ ಬರೆದುಬಿಟ್ಟಿದ್ದರು! ಹೀಗಾದರೆ ತಿದ್ದಲು ಹೋಗಬೇಡಿ, ಪೂರ್ತಿ ಅಳಿಸಿ. ಫೇಸ್‌ಬುಕ್‌ನಲ್ಲಿ ತಿದ್ದಿದ ಕಾಮೆಂಟಿನ ಹಳೆಯ ರೂಪವನ್ನು ಬೇರೆಯವರೂ ತೆರೆದು ನೋಡಬಹುದು. ಅಳಿಸುವುದರೊಳಗೆ ಯಾರಾದರೂ ಬರೆದಿಟ್ಟುಕೊಂಡಿರಲೂಬಹುದು. ಹಾಗಾಗಿ ಕೆಲವು ದಿನ ಗೊತ್ತಿಲ್ಲದ ಕರೆ ಎತ್ತಬೇಡಿ. ವಾಟ್ಸ್‌ಆ್ಯಪ್ ಪ್ರೊಫೈಲ್ ಫೋಟೊ ಪರಿಚಯದವರಿಗಷ್ಟೇ ಕಾಣುವಂತೆ ಮಾಡಿ. ವ್ಯಾಪಾರಕ್ಕೆ ನಂಬರ್ ಕೊಡಲೇಬೇಕಾದರೆ ಅದಕ್ಕೇ ಬೇರೆ ಸಿಮ್ ಇಡಿ. ಮಕ್ಕಳ ಶಾಲೆಗೆ, ಬ್ಯಾಂಕಿಗೆ ಕೊಟ್ಟ ನಂಬರ್ ಅದಾಗಿರಬಾರದು.

ಒಮ್ಮೆ ಇಲ್ಲ ಎಂದ ಮೇಲೂ ಕೇಳಿದರೆ ಎರಡನೇ ಉತ್ತರ ಬೇಡ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ಅವರ ಹೆಸರು, ದಿನಾಂಕ, ನಿಮ್ಮ ‘ಇಲ್ಲ’ ಮೂರೂ ಅದರಲ್ಲಿ ಕಾಣಬೇಕು. ಅವರ ಪ್ರೊಫೈಲ್ ಲಿಂಕನ್ನೂ ಎತ್ತಿಟ್ಟುಕೊಳ್ಳಿ, ಏಕೆಂದರೆ ಹೆಸರು ಬದಲಾಯಿಸುವುದು ಸುಲಭ. ಇದೆಲ್ಲ ಆದ ಮೇಲೆಯೇ ಬ್ಲಾಕ್ ಮಾಡಿ. ಮಹಿಳೆ ತನಗೆ ಆಸಕ್ತಿ ಇಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡಸೊಬ್ಬ ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ನಲ್ಲಿ ಅಪರಾಧ. ಠಾಣೆಯಲ್ಲಿ ‘ನೀವು ಬೇಡ ಅಂದಿದ್ರಾ?’ ಎಂದು ಕೇಳಿದರೆ ತೋರಿಸಲು ಆ ಒಂದು ಸಾಲು ಇರುತ್ತದೆ. ದೂರನ್ನು cybercrime.gov.in ನಲ್ಲೂ ಕೊಡಬಹುದು. ಆದರೆ ಮನೆ ಹತ್ತಿರವೇ ಬಂದುಬಿಟ್ಟರೆ ನೇರ 112ಕ್ಕೆ ಫೋನ್ ಮಾಡಿ.