ಕರಡು ಆಯವ್ಯಯದ ಮುಖ ಟಿಪ್ಪಣಿ: 61.40 ಕೋಟಿ 66.90 ಕೋಟಿ ಆದದ್ದು ಹೇಗೆಂದು ಎಂಟೇ ಸಾಲಿನಲ್ಲಿ

ಕರಡು ಆಯವ್ಯಯದ ಜೊತೆ ನಿರ್ದೇಶಕರಿಗೆ ಹೋಗುವ ಟಿಪ್ಪಣಿ ಎರಡು ಪುಟ ಮೀರಬಾರದು, ಅದರಲ್ಲಿ ಶೇಕಡಾವಾರು ಕಾಲಂ ಇರಲೇಬಾರದು ಎಂದು ನಾನು ಹೇಳಿದಾಗ ಲೆಕ್ಕಪತ್ರ ಶಾಖೆಯಲ್ಲಿ ಯಾರೂ ಒಪ್ಪಲಿಲ್ಲ. ಶೇಕಡಾ ಇಲ್ಲದೆ ಹೆಚ್ಚಳ ತೋರಿಸುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. 2026-27ರ ಕರಡಿಗೆ ಹಟ ಹಿಡಿದು ಹಾಗೆಯೇ ಮಾಡಿದೆ. ನಿರ್ದೇಶಕರು ಒಂದೇ ಓದಿಗೆ ಮೂರು ತೀರ್ಮಾನ ಬರೆದು ಕಡತ ಕಳಿಸಿದರು. ಆರ್ಥಿಕ ಇಲಾಖೆಯ ಚರ್ಚೆಯಲ್ಲಿ ವೇತನದ ಸಾಲಿಗೆ ಕತ್ತರಿ ಬೀಳಲಿಲ್ಲ. ಇಲ್ಲಿರುವ ಅಂಕಿಗಳು ನೆನಪಿನಿಂದ ಬರೆದವು, ಸ್ವಲ್ಪ ಆಚೀಚೆ ಇರಬಹುದು. ಕ್ರಮ ಮಾತ್ರ ಇದೇ.

ಮೊದಲಿನ ರೂಢಿ ನಿಮಗೆಲ್ಲ ಗೊತ್ತಿರುವುದೇ. ಉದ್ದೇಶ ಶೀರ್ಷಿಕೆವಾರು ಪಟ್ಟಿಯಲ್ಲಿ ಹಿಂದಿನ ವರ್ಷದ ವಾಸ್ತವಿಕ ವೆಚ್ಚ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಬರುವ ವರ್ಷದ ಪ್ರಸ್ತಾವನೆ, ಕೊನೆಗೆ ಶೇಕಡಾ ಹೆಚ್ಚಳ. ಮೇಲಿನ ಟಿಪ್ಪಣಿಯಲ್ಲಿ ‘ವೇತನ ಪರಿಷ್ಕರಣೆ ಹಾಗೂ ಬೆಲೆ ಏರಿಕೆಯ ಕಾರಣ ಹೆಚ್ಚಳವಾಗಿರುತ್ತದೆ’ ಎಂಬ ಒಂದು ವಾಕ್ಯ. ನಿರ್ದೇಶಕರು ‘ಚರ್ಚಿಸಿ’ ಎಂದು ಬರೆಯುತ್ತಾರೆ, ಚರ್ಚೆಯಲ್ಲಿ ಯಾವ ಸಾಲು ಏಕೆ ಏರಿತು ಎಂದು ಹೇಳಲು ಯಾರ ಬಳಿಯೂ ಕಾಗದ ಇರುವುದಿಲ್ಲ. ಕಾರಣ ಹೇಳದ ಹೆಚ್ಚಳಕ್ಕೆ ಮುಂದಿನ ಹಂತದಲ್ಲಿ ಎಲ್ಲ ಸಾಲಿಗೂ ಒಂದೇ ಪ್ರಮಾಣದ ಕಡಿತ ಬೀಳುತ್ತದೆ. ಪ್ರವಾಸ ಭತ್ಯೆಗೂ ವೇತನಕ್ಕೂ ಒಂದೇ ಕತ್ತರಿ ಆಡಿದರೆ ಜನವರಿಗೆ ವೇತನದ ಶೀರ್ಷಿಕೆ ಬರಿದಾಗಿ, ಪೂರಕ ಅಂದಾಜಿಗೆ ಓಡಾಟ ಶುರುವಾಗುತ್ತದೆ.

ಹಾಗಾಗಿ ಟಿಪ್ಪಣಿಯ ಮೊದಲ ಕಂಡಿಕೆಯಲ್ಲೇ ವ್ಯತ್ಯಾಸ ಪಟ್ಟಿ ಇಟ್ಟೆ. ಈ ವರ್ಷದ ಅಂದಾಜಿನಿಂದ ಹೊರಟು ಬರುವ ವರ್ಷದ ಮೊತ್ತವನ್ನು ಮುಟ್ಟುವ ಎಂಟು ಸಾಲು, ಪ್ರತಿ ಸಾಲಿಗೂ ಒಂದೇ ಕಾರಣ. ಕೂಡಿದರೆ ಪೈಸೆಗೆ ಪೈಸೆ ತಾಳೆಯಾಗಬೇಕು. ನಿರ್ದೇಶಕರ ಮುಂದೆ ಹೋದದ್ದು ಹೀಗಿತ್ತು, ಮೊತ್ತ ಕೋಟಿ ರೂಪಾಯಿಗಳಲ್ಲಿ:

2025-26ರ ಅಂದಾಜು: 61.40
ತುಟ್ಟಿಭತ್ಯೆ ಮತ್ತು ವಾರ್ಷಿಕ ವೇತನ ಬಡ್ತಿ: + 2.30
ಖಾಲಿ ಹುದ್ದೆಗಳಿಗೆ ಇಟ್ಟಿದ್ದ ಮೊತ್ತ ಕೈಬಿಟ್ಟದ್ದು: – 1.30
ನೇಮಕ ಆದೇಶದ ಹಂತದಲ್ಲಿರುವ 18 ಹುದ್ದೆ: + 0.90
ಹೊರಗುತ್ತಿಗೆ ಸಿಬ್ಬಂದಿಯ ಪೂರ್ಣ ವೆಚ್ಚ: + 0.85
ವಿದ್ಯುತ್, ನೀರು, ದೂರವಾಣಿ ಬಾಕಿ ಬಿಲ್ಲು: + 0.45
ವಾಹನ (ದುರಸ್ತಿ ಇಳಿಕೆ, ಬಾಡಿಗೆ ಏರಿಕೆ): + 0.30
ಮುಂದುವರಿದ ಕಾರ್ಯಕ್ರಮಗಳು: + 1.50
ಹೊಸ ಕಾರ್ಯಕ್ರಮ ಒಂದು: + 0.50
2026-27ರ ಪ್ರಸ್ತಾವನೆ: 66.90

ಬಲವೆಲ್ಲ ಇರುವುದು ಎರಡನೆಯ ಸಾಲಿನಲ್ಲಿ. ಕಡಿಮೆ ಮಾಡಿದ್ದನ್ನು ನಾವೇ ಮೊದಲು ತೋರಿಸಿದರೆ ಏರಿಸಿದ್ದನ್ನು ನಂಬುತ್ತಾರೆ. ಖಾಲಿ ಹುದ್ದೆಗೂ ಹಣ ಇಡುವುದು ಹಳೆಯ ಅಭ್ಯಾಸ. ಜಿಲ್ಲಾ ಕಚೇರಿಗಳ ಡಿಡಿಓಗಳನ್ನು ಹುದ್ದೆಗಳ ಪಟ್ಟಿ ಕೇಳಿದರೆ ಮಂಜೂರಾತಿ ಸಂಖ್ಯೆಯನ್ನೇ ಬರೆದು ಕಳಿಸುತ್ತಾರೆ. ಅದನ್ನು ಪಕ್ಕಕ್ಕಿಟ್ಟು ಎಚ್‌ಆರ್‌ಎಂಎಸ್‌ನ ಅಕ್ಟೋಬರ್ ವೇತನ ಬಿಲ್ಲಿನ ತಲೆ ಎಣಿಕೆ ಹಿಡಿದೆ. ಕೆಲಸದಲ್ಲಿದ್ದವರು 410, ಖಾಲಿ 62. ಆ 62ರಲ್ಲಿ ಸುಮಾರು 20 ಹುದ್ದೆಗೆ ಹಣ ಇಟ್ಟು ವರ್ಷ ವರ್ಷವೂ ಮಾರ್ಚ್‌ನಲ್ಲಿ ಅಧ್ಯರ್ಪಿಸುತ್ತಿದ್ದರು. ಅಷ್ಟು ಉಳಿಕೆ ತೋರಿಸುವ ಕಚೇರಿ ಹೆಚ್ಚಿಗೆ ಕೇಳಿದರೆ ಯಾರು ಕೊಡುತ್ತಾರೆ? ಕೈಬಿಟ್ಟರೆ ಹುದ್ದೆಯೇ ರದ್ದಾದೀತೆಂದು ಆಡಳಿತ ಶಾಖೆಗೆ ಭಯವಿತ್ತು. ‘ಹುದ್ದೆಗಳ ಮಂಜೂರಾತಿ ಮುಂದುವರಿದಿದ್ದು, ಭರ್ತಿಯಾದಲ್ಲಿ ಪರಿಷ್ಕೃತ ಅಂದಾಜಿನಲ್ಲಿ ಕೋರಲಾಗುವುದು’ ಎಂದು ಒಂದು ವಾಕ್ಯ ಸೇರಿಸಿದ ಮೇಲೆ ಅವರೂ ಸಹಿ ಹಾಕಿದರು.

ತುಟ್ಟಿಭತ್ಯೆಯ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ತಿಂಗಳ ಎಣಿಕೆಯಲ್ಲಿ. ಮಾರ್ಚ್ ವೇತನ ಏಪ್ರಿಲ್‌ನಲ್ಲಿ ಬಟವಾಡೆ ಆಗುವುದರಿಂದ ನಮ್ಮ ವರ್ಷ ಮಾರ್ಚ್‌ನಿಂದ ಫೆಬ್ರವರಿವರೆಗಿನ ವೇತನದ ವರ್ಷ. ಜನವರಿಯಿಂದ ಜಾರಿಯಾಗುವ ಕಂತಿನ ಆದೇಶ ಏಪ್ರಿಲ್, ಮೇ ಹೊತ್ತಿಗೆ ಬಂದರೆ ಜನವರಿ ಮತ್ತು ಫೆಬ್ರವರಿಯ ಹಿಂಬಾಕಿಯೂ ಹೊಸ ವರ್ಷದ ತಲೆಗೇ ಬೀಳುತ್ತದೆ. ಅಂದರೆ ಆ ಕಂತಿನ ಭಾರ 12 ತಿಂಗಳಲ್ಲ, 14 ತಿಂಗಳು. 410 ಜನರ ಮೂಲವೇತನ ಸರಾಸರಿ 52 ಸಾವಿರದಂತೆ ವರ್ಷಕ್ಕೆ ಸುಮಾರು 25.6 ಕೋಟಿ. ತುಟ್ಟಿಭತ್ಯೆ ಶೇ 1 ಏರಿದರೆ ವರ್ಷಕ್ಕೆ 25 ಲಕ್ಷಕ್ಕೂ ಸ್ವಲ್ಪ ಹೆಚ್ಚು. ಕಂತು ಶೇ 2 ಎಂದುಕೊಂಡರೆ ಮರೆತುಹೋಗುವ ಆ ಎರಡು ತಿಂಗಳು ಎಂಟೂವರೆ ಲಕ್ಷ ತಿನ್ನುತ್ತವೆ.

ರಾಜ್ಯದ 7ನೇ ವೇತನ ಆಯೋಗದ ಪರಿಷ್ಕರಣೆ 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ತುಟ್ಟಿಭತ್ಯೆ ಮತ್ತೆ ಕೆಳಗಿನಿಂದ ಏರಲು ಶುರುವಾಗಿದೆ. ಆ ಒಂದು ವರ್ಷದ ಜಿಗಿತವನ್ನೇ ಹಿಡಿದು ಮುಂದಿನ ವರ್ಷಕ್ಕೂ ಅದೇ ಶೇಕಡಾ ಹಾಕಿದ ಕರಡುಗಳನ್ನು ನೋಡಿದ್ದೇನೆ. ಅದು ತಪ್ಪು, ಪರಿಷ್ಕರಣೆ ಮೂಲವೇತನದೊಳಗೆ ಆಗಲೇ ಸೇರಿಹೋಗಿದೆ. ಹಿಂದಿನ ಅಂದಾಜಿನಲ್ಲಿ ಸರಾಸರಿ ಶೇ 13ರ ಆಸುಪಾಸು ಇಟ್ಟಿದ್ದರು, ನಾನು 18 ಹಿಡಿದೆ. ಐದು ಅಂಶಕ್ಕೆ 1.30 ಕೋಟಿ. ವಾರ್ಷಿಕ ಬಡ್ತಿಗೆ, ಅದರ ಮೇಲಿನ ಭತ್ಯೆಗಳನ್ನೂ ಸೇರಿಸಿ, ಒಂದು ಕೋಟಿ.

ನೇಮಕಾತಿಯ 18 ಹುದ್ದೆಗೂ ಇದೇ ತಿಂಗಳ ಲೆಕ್ಕ. ಜುಲೈ 1ಕ್ಕೆ ಸೇರಿದರೆ ಮಾರ್ಚ್‌ವರೆಗೆ ಒಂಬತ್ತು ತಿಂಗಳು ಎಂದು ಎಣಿಸುತ್ತಾರೆ. ಮಾರ್ಚ್ ವೇತನ ಆಚೆಯ ವರ್ಷಕ್ಕೆ ಹೋಗುತ್ತದೆ, ಉಳಿಯುವುದು ಎಂಟೇ ತಿಂಗಳು. ತಲಾ 62 ಸಾವಿರದಂತೆ 89 ಲಕ್ಷ ಚಿಲ್ಲರೆ ಬಂತು, 90 ಬರೆದೆ.

ಹೊರಗುತ್ತಿಗೆಯ ಸಾಲಿಗೆ ಹೆಚ್ಚು ಹೊತ್ತು ಕೊಟ್ಟೆ, ಹೆಚ್ಚು ವಿರೋಧ ಬಂದದ್ದೂ ಅಲ್ಲಿಂದಲೇ. ಹಿಂದಿನ ಕರಡಿನಲ್ಲಿ 95 ಜನಕ್ಕೆ ತಲಾ 18 ಸಾವಿರ ಮಾತ್ರ ಇತ್ತು. ಅದು ಸಿಬ್ಬಂದಿಯ ವೇತನ, ಏಜೆನ್ಸಿಯ ಬಿಲ್ಲಲ್ಲ. ಬಿಲ್ಲು ಹೇಗೆ ಬೆಳೆಯುತ್ತದೆ ನೋಡಿ. 15 ಸಾವಿರದ ಮಿತಿಯ ಮೇಲೆ ಮಾಲೀಕರ ಪಾಲಿನ ಭವಿಷ್ಯನಿಧಿ ಮತ್ತು ಅದರ ಶುಲ್ಕಗಳು ಸೇರಿ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 585. ಅಲ್ಲಿಗೆ 20,535. ಏಜೆನ್ಸಿಯ ಸೇವಾಶುಲ್ಕ ನಮ್ಮ ಕರಾರಿನಂತೆ ಶೇ 3 ಸೇರಿಸಿದರೆ 21,151. ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ 25 ಸಾವಿರಕ್ಕೆ ಬಂದು ನಿಲ್ಲುತ್ತದೆ. ತಲಾ ಏಳು ಸಾವಿರದ ಕೊರತೆ, 95 ಜನಕ್ಕೆ ವರ್ಷಕ್ಕೆ 80 ಲಕ್ಷ. ಕನಿಷ್ಠ ವೇತನದ ವ್ಯತ್ಯಯ ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಏರುತ್ತದೆ, ಅದಕ್ಕೆ 5 ಲಕ್ಷ. ಈ ಕೊರತೆ ತುಂಬದಿದ್ದರೆ ಏಜೆನ್ಸಿ ನವೆಂಬರ್‌ನಿಂದ ಬಿಲ್ಲು ಬಾಕಿ ಎನ್ನುತ್ತದೆ, ಕಚೇರಿ ಸ್ವಚ್ಛ ಮಾಡುವವರ ಸಂಬಳ ಎರಡು ಮೂರು ತಿಂಗಳು ನಿಲ್ಲುತ್ತದೆ. ನಿರ್ದೇಶಕರಿಗೆ ಒಬ್ಬರ ಬಿಲ್ಲಿನ ಲೆಕ್ಕವನ್ನಷ್ಟೇ ಟಿಪ್ಪಣಿಯ ಒಳಗೆ ಬರೆದು ತೋರಿಸಿದೆ. 95 ಜನರ ಪಟ್ಟಿ ಅನುಬಂಧಕ್ಕೆ ಹೋಯಿತು. ಅಷ್ಟು ವಿರೋಧ ಕಂಡ ಸಾಲು ಮರುಪ್ರಶ್ನೆ ಬಾರದೆ ಒಪ್ಪಿಗೆಯಾಯಿತು.

ಬಾಕಿ ಬಿಲ್ಲಿನ ಸಾಲನ್ನು ಎಂದಿಗೂ ವಾರ್ಷಿಕ ವೆಚ್ಚದೊಳಗೆ ಬೆರೆಸಬೇಡಿ. ಬೆರೆಸಿದರೆ ಮುಂದಿನ ವರ್ಷ ಅದೇ ಮೊತ್ತ ಬುಡವಾಗಿ ಉಳಿದುಬಿಡುತ್ತದೆ. ‘ಒಂದು ಬಾರಿಗೆ ಮಾತ್ರ’ ಎಂದು ಬರೆಯಿರಿ. ವಾಹನದ್ದು ಸರಳ: 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್‌ನಿಂದ ನವೀಕರಣವಾಗುವುದಿಲ್ಲ, ಹಾಗಾಗಿ ದುರಸ್ತಿ 20 ಲಕ್ಷ ಇಳಿದು ಬಾಡಿಗೆ 50 ಲಕ್ಷ ಏರಿತು.

ಒಂದೆರಡು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಪಟ್ಟಿಯ ಬದಲು ಬಣ್ಣದ ನಕ್ಷೆ ಹಾಕಿ ನೋಡಿದೆ. ಕಪ್ಪುಬಿಳುಪು ಪ್ರತಿಯಲ್ಲಿ ಇಳಿಕೆ, ಏರಿಕೆ ಎರಡೂ ಒಂದೇ ಬೂದು ಬಣ್ಣವಾದವು, ಕೈಬಿಟ್ಟೆ. ಜಿಲ್ಲಾವಾರು ವ್ಯತ್ಯಾಸ ಪಟ್ಟಿಯೂ ಮಾಡಿದೆ. ಸಾಲುಗಳು ನೂರು ದಾಟಿದವು, ಯಾವುದೂ ಕಣ್ಣಿಗೆ ನಿಲ್ಲಲಿಲ್ಲ. ಆದರೆ ಅದರಿಂದ ಒಂದು ಲಾಭವಾಯಿತು: ಎರಡು ಜಿಲ್ಲೆಗಳು ಸಾಮಾನ್ಯ ವೆಚ್ಚದ 051ರಲ್ಲಿ ಬಾಡಿಗೆ ವಾಹನದ ಬಿಲ್ಲು ಹಾಕುತ್ತಿದ್ದುದು ಸಿಕ್ಕಿತು. ಖಜಾನೆ-2ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಅಂಕಿಯನ್ನು ಮಹಾಲೇಖಪಾಲರ ಅಂಕಿಯೊಂದಿಗೆ ತಾಳೆ ನೋಡಿಯೇ ಮುಂದುವರಿಯಿರಿ, ಇಂಥವು ಅಲ್ಲೇ ಹೊರಬೀಳುತ್ತವೆ.

422, 423 ಶೀರ್ಷಿಕೆಗಳ ವಿಷಯದಲ್ಲಿ ಒಂದು ಎಚ್ಚರ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ ಈ ಮೊತ್ತಗಳಲ್ಲಿ ಉಳಿಕೆ ಕಂಡರೂ ಬೇರೆ ಸಾಲಿನ ಏರಿಕೆಗೆ ಅದನ್ನು ಎದುರಿಟ್ಟು ತೋರಿಸಬಾರದು. 2013ರ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಮೊದಲ ಕರಡಿನಲ್ಲಿ ಶಾಖೆಯವರು ಹಾಗೆ ಜೋಡಿಸಿದ್ದರು, ಪೂರ್ತಿ ಪಟ್ಟಿಯನ್ನು ಮತ್ತೆ ಕಟ್ಟಬೇಕಾಯಿತು.

ಟಿಪ್ಪಣಿಯ ಕೊನೆಯಲ್ಲಿ ‘ಸೂಕ್ತ ಆದೇಶಕ್ಕಾಗಿ’ ಎಂದು ಬರೆದರೆ ಆದೇಶ ಬರುವುದಿಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಮೂರು ಪ್ರಶ್ನೆ ಇಟ್ಟೆ: 20 ಖಾಲಿ ಹುದ್ದೆಗಳ ಮೊತ್ತ ಕೈಬಿಡಬಹುದೇ, ಹೊರಗುತ್ತಿಗೆಗೆ ಬಿಲ್ಲಿನ ಪೂರ್ಣ ದರದಲ್ಲಿ ಕೋರಬಹುದೇ, ಹೊಸ ಕಾರ್ಯಕ್ರಮವನ್ನು ಈ ವರ್ಷವೇ ಸೇರಿಸಬೇಕೇ. ಪ್ರತಿಯೊಂದರ ಕೆಳಗೆ ‘ಇಲ್ಲ’ ಎಂದರೆ ಮೊತ್ತ ಎಷ್ಟು ಬದಲಾಗುತ್ತದೆ ಎಂಬ ಅಂಕಿ. ಹೊಸ ಕಾರ್ಯಕ್ರಮದ ಮೊತ್ತವನ್ನು 50 ಲಕ್ಷಕ್ಕೇ ಏಕೆ ನಿಲ್ಲಿಸಿದೆ, ಅದನ್ನು ಕೊನೆಯ ಸಾಲಾಗಿ ಏಕೆ ಇಟ್ಟೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದಿನ ವರ್ಷವೂ ನನಗದು ಬೇಕು.

ಸಹಿಗೆ ಇಡುವ ಮುನ್ನ ದುಂಡಾಂಕದ ತೊಂದರೆ ನೋಡಿಕೊಳ್ಳಿ. ವಿವರಪಟ್ಟಿ ಲಕ್ಷಗಳಲ್ಲಿ, ಟಿಪ್ಪಣಿ ಕೋಟಿಗಳಲ್ಲಿ ಇರುವಾಗ ಪ್ರತಿ ಶೀರ್ಷಿಕೆಯನ್ನೂ ದುಂಡಾಗಿಸಿದರೆ ಒಟ್ಟು ಮೊತ್ತ ಒಂದೆರಡು ಲಕ್ಷ ಜಾರುತ್ತದೆ. ಮೊದಲು ಕೂಡಿ, ಆಮೇಲೆ ದುಂಡಾಗಿಸಿ. ನನ್ನ ಹಾಳೆಯಲ್ಲಿ C4 ಹಳೆಯ ಅಂದಾಜು, C5ರಿಂದ C12 ಎಂಟು ಸಾಲು, C13 ಹೊಸ ಪ್ರಸ್ತಾವನೆ. ಕೆಳಗೆ ಈ ಸೂತ್ರ ಇರುತ್ತದೆ:

```
=IF(ROUND(C4+SUM(C5:C12)-C13,2)=0,"ಸರಿ","ತಪ್ಪು")
```

C13ರಲ್ಲಿ ಇದೇ ಸಾಲುಗಳ ಮೊತ್ತವನ್ನು ಹಾಕಿದರೆ ಸೂತ್ರ ಯಾವಾಗಲೂ ‘ಸರಿ’ ಎನ್ನುತ್ತದೆ, ತಪ್ಪು ಹಿಡಿಯುವುದೇ ಇಲ್ಲ. ಅಲ್ಲಿಗೆ ಶೀರ್ಷಿಕೆವಾರು ವಿವರಪಟ್ಟಿಯ ಕೊನೆಯ ಮೊತ್ತವೇ ಬರಬೇಕು. ನಮ್ಮ ಕರಡಿನಲ್ಲಿ ಮೊದಲ ಸಲ ‘ತಪ್ಪು’ ಎಂದೇ ಬಂತು, ಮೂರು ಲಕ್ಷದ ವ್ಯತ್ಯಾಸ. ಒಂದು ಜಿಲ್ಲೆಯ ದೂರವಾಣಿ ಬಾಕಿ ವಿವರಪಟ್ಟಿಯಲ್ಲಿ ಎರಡು ಸಲ ಸೇರಿತ್ತು. ಅದನ್ನು ತೆಗೆದ ಮೇಲೆಯೇ ಕಡತ ಸಹಿಗೆ ಹೋಯಿತು.