ಮೇಲಧಿಕಾರಿಗೆ ಸಿಸಿ ಹಾಕಿದ ಆ ಇಮೇಲ್‌ನ ಧಾಟಿ

ನಾನು ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಸರಕು ಕೊಟ್ಟವರು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಬಿಲ್ ಸೇರಿಸದಿದ್ದರೆ ಅದು ನಮಗೆ ಸಿಗುವ ಕ್ರೆಡಿಟ್‌ಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ, ಕಟ್ಟಿದ ತೆರಿಗೆಯ ಕ್ರೆಡಿಟ್ ನಮಗೆ ಸಿಗುವುದಿಲ್ಲ. ಜುಲೈ ತಿಂಗಳ 4 ಲಕ್ಷ ರೂಪಾಯಿಯ ಒಂದು ಬಿಲ್ ಹೀಗೆ ಬಿಟ್ಟುಹೋಗಿತ್ತು, ಶೇ. 18ರ ದರದಲ್ಲಿ ತೆರಿಗೆಯೇ 72,000 ರೂಪಾಯಿ. ಆಗಸ್ಟ್ ತಿಂಗಳ ರಿಟರ್ನ್‌ನಲ್ಲಿ ಸೇರಿಸುವುದಾಗಿ ಸರಕು ಕೊಟ್ಟ ಕಂಪನಿಯ ಅಕೌಂಟ್ಸ್ ಮೇಡಂ ಹೇಳಿದ್ದರು. ಅದರ ಕೊನೆಯ ದಿನ ಸೆಪ್ಟೆಂಬರ್ 11. ಎಂಟನೇ ತಾರೀಖಾದರೂ ಖಚಿತ ಉತ್ತರ ಬಾರದಿದ್ದಾಗ ಅವರ ಮ್ಯಾನೇಜರನ್ನು ಸಿಸಿಯಲ್ಲಿ ಸೇರಿಸಲು ನಿರ್ಧರಿಸಿದೆ.

ಮೊದಲು ಮೇಡಂಗೆ ಫೋನ್ ಮಾಡಿ, "ತಾರೀಖು ಹತ್ತಿರ ಬಂತು, ಸರ್ ಅವರನ್ನೂ ಮೇಲ್‌ನಲ್ಲಿ ಸೇರಿಸುತ್ತಿದ್ದೇನೆ" ಎಂದು ತಿಳಿಸಿದೆ. ಮೇಲಧಿಕಾರಿಯ ಹೆಸರನ್ನು ಇನ್‌ಬಾಕ್ಸ್‌ನಲ್ಲೇ ಮೊದಲ ಸಲ ನೋಡಿದವರು ಬಿಲ್ಲಿನ ವಿಚಾರ ಬಿಟ್ಟು ತಮ್ಮ ಸಮರ್ಥನೆಗೆ ತೊಡಗುತ್ತಾರೆ.

ನಾನು ಮೊದಲು ಬರೆದಿಟ್ಟುಕೊಂಡ ಸಾಲು ಹೀಗಿತ್ತು: "ಹಲವು ಬಾರಿ ನೆನಪಿಸಿದರೂ ತಾವು ಇನ್ನೂ ಬಿಲ್ ಸೇರಿಸಿಲ್ಲ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ "ಹಲವು ಬಾರಿ", "ಇನ್ನೂ" ಎಂಬ ಮಾತುಗಳು ವ್ಯಕ್ತಿಯ ಮೇಲೆ ತೀರ್ಪು ಕೊಡುತ್ತವೆಯೇ ಹೊರತು ಮ್ಯಾನೇಜರಿಗೆ ಯಾವ ಮಾಹಿತಿಯನ್ನೂ ಕೊಡುವುದಿಲ್ಲ. ಹಾಗೆಂದು "ಸ್ವಲ್ಪ ವಿಳಂಬವಾಗಿದೆ" ಎಂದು ತೇಲಿಸಿ ಬರೆದರೆ ಏನು, ಎಷ್ಟು, ಯಾವಾಗ ಎಂಬುದೇ ಮರೆಯಾಗುತ್ತದೆ. ಆದ್ದರಿಂದ ವಾಕ್ಯಗಳ ಕರ್ತೃಸ್ಥಾನದಲ್ಲಿ ಮೇಡಂ ಬದಲು ಬಿಲ್ಲನ್ನೇ ಇರಿಸಿ ಹೀಗೆ ಬರೆದೆ:

"ಜುಲೈ ತಿಂಗಳ ಈ ಬಿಲ್ ಆಗಸ್ಟ್ 14ರ 2ಬಿಯಲ್ಲಿ ಕಂಡುಬಂದಿಲ್ಲ. ಸೆಪ್ಟೆಂಬರ್ 11ರೊಳಗೆ ಸೇರಿದರೆ 20ರಂದು ನಾವು ಸಲ್ಲಿಸುವ 3ಬಿ ರಿಟರ್ನ್‌ನಲ್ಲಿ 72,000 ರೂಪಾಯಿ ಕ್ರೆಡಿಟ್ ಪಡೆಯಬಹುದು. ಇಲ್ಲವಾದರೆ ಅಷ್ಟು ಹಣವನ್ನು ಈ ತಿಂಗಳು ನಗದಾಗಿ ಕಟ್ಟಬೇಕಾಗುತ್ತದೆ. ದಿನ ಕಡಿಮೆಯಿರುವುದರಿಂದ ಸರ್ ಅವರನ್ನು ಸೇರಿಸಿದ್ದೇನೆ. 10ರ ಸಂಜೆಯೊಳಗೆ ಖಚಿತಪಡಿಸಲು ಕೋರುತ್ತೇನೆ. ಈ ತಿಂಗಳು ಸಾಧ್ಯವಿಲ್ಲದಿದ್ದರೆ, ಬಿಲ್ ಕಾಣಿಸುವವರೆಗೆ ತೆರಿಗೆಯ ಭಾಗದ ಪಾವತಿಯನ್ನು ತಡೆಹಿಡಿಯಲು ಒಪ್ಪಿಗೆಯೇ ಎಂದು ಸರ್ ತಿಳಿಸಬೇಕು."

ಕೊನೆಯ ಸಾಲು ಬಹಳ ಮುಖ್ಯವೆಂದು ನನ್ನ ಭಾವನೆ. ಮ್ಯಾನೇಜರ್ ತೀರ್ಮಾನಿಸಬೇಕಾದ ಪ್ರಶ್ನೆಯೊಂದು ಪತ್ರದಲ್ಲಿದ್ದಾಗ, ಅವರನ್ನು ಸೇರಿಸಿದ್ದು ದೂರಿನಂತೆ ಕಾಣುವುದಿಲ್ಲ. "ಟು" ಸಾಲಿನಲ್ಲಿ ಮೇಡಂ ಹೆಸರನ್ನೇ ಉಳಿಸಿಕೊಂಡೆ, ಏಕೆಂದರೆ ಕೆಲಸ ಮಾಡುವವರು ಅವರೇ. ಹಳೆಯ ಸರಣಿಯ ಕೆಳಭಾಗವನ್ನು ಓದಿ ನೋಡಿದಾಗ ನಮ್ಮ ಖರೀದಿ ವಿಭಾಗದವರ ಬಿರುಸಾದ ಒಂದು ಮಾತು ಅಲ್ಲಿ ಕಂಡಿತು. ಹಾಗಾಗಿ ಅದನ್ನು ಫಾರ್ವರ್ಡ್ ಮಾಡದೆ ಬಿಲ್ಲಿನ ಪ್ರತಿಯೊಂದಿಗೆ ಹೊಸ ಮೇಲ್ ಕಳುಹಿಸಿದೆ.

ಉತ್ತರ ಮೇಡಂ ಅವರಿಂದಲೇ ಬಂತು. ಅದರಲ್ಲಿ ಸಮಜಾಯಿಷಿ ಇರಲಿಲ್ಲ, ರಿಟರ್ನ್ ಸಲ್ಲಿಸುವ ದಿನಾಂಕವಿತ್ತು. 14ರಂದು ಬಿಲ್ 2ಬಿಯಲ್ಲಿ ಕಾಣಿಸಿದ ಕೂಡಲೇ, ಮ್ಯಾನೇಜರ್ ಹೆಸರನ್ನು ಸಿಸಿಯಿಂದ ತೆಗೆಯದೆ, ವಿಷಯ ಬಗೆಹರಿದಿದೆ ಎಂದೂ ಮೇಡಂ ಅವರಿಗೆ ಧನ್ಯವಾದವೆಂದೂ ಅದೇ ಸರಣಿಯಲ್ಲಿ ಬರೆದೆ.